ಫೈನಲ್ ಇಯರ್ ಪ್ರಾಜೆಕ್ಟನ್ನು ಕೆಲಸಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಹೇಗೆ: ಒಂದು ಮಣ್ಣಿನ ಸೆನ್ಸರ್ ಹಿಡಿದು ಪೂರ್ತಿ ಮಾರ್ಗದರ್ಶಿ

ಎಂಬೆಡೆಡ್ ಕೆಲಸಕ್ಕೆ ಅರ್ಜಿ ಹಾಕುವ ಇಸಿ ಫ್ರೆಶರ್‌ಗಳ ರೆಸ್ಯೂಮೆಗಳಲ್ಲಿ ಒಂದು ಪ್ರಾಜೆಕ್ಟ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. "ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ". ಮಣ್ಣಿನ ತೇವ ಅಳೆಯುವ ಸೆನ್ಸರ್, ಒಂದು ಆರ್ಡುಯಿನೊ, ಒಂದು ರಿಲೇ, ಒಂದು ಪುಟ್ಟ ಪಂಪು. ಕೆಳಗೆ ಒಂದು ಸಾಲು: "ಶೇ. 40ರಷ್ಟು ನೀರು ಉಳಿತಾಯ". ಈ ಪ್ರಾಜೆಕ್ಟ್ ನೋಡಿದ ತಕ್ಷಣ ಎದುರಿಗೆ ಕೂತವರು ಒಳಗೊಳಗೇ ನಿಟ್ಟುಸಿರು ಬಿಡುತ್ತಾರೆ ಅನ್ನುವುದು ನಿಜ. ಆದರೆ ತಪ್ಪು ಪ್ರಾಜೆಕ್ಟಿನದ್ದಲ್ಲ. ಇದೇ ಪ್ರಾಜೆಕ್ಟಿನಿಂದ ಒಬ್ಬ ಫ್ರೆಶರ್‌ಗೆ ಕೆಲಸ ಕೊಡಬಹುದೋ ಬೇಡವೋ ಅಂತ ಚೆನ್ನಾಗಿ ತಿಳಿದುಕೊಳ್ಳಬಹುದು. ಕಷ್ಟ ಏನೆಂದರೆ, ಹೆಚ್ಚಿನವರು ಅದಕ್ಕೆ ಬೇಕಾದ ಮಾಹಿತಿಯನ್ನೇ ಬರೆದಿರುವುದಿಲ್ಲ.

ಸಂದರ್ಶನ ಮಾಡುವವರಿಗೆ ಬೇಕಾಗಿರುವುದು ಮೂರೇ ಸಂಗತಿ. ಇದರಲ್ಲಿ ನಿಮ್ಮ ಕೈಯಿಂದ ಆಗಿದ್ದು ಯಾವುದು? ಅದು ಕೆಲಸ ಮಾಡುತ್ತದೆ ಅಂತ ನಿಮಗೆ ಹೇಗೆ ಗೊತ್ತು? ಎಲ್ಲಿ ಕೆಲಸ ಮಾಡುವುದಿಲ್ಲ? ಈ ಮೂರಕ್ಕೂ ಉತ್ತರ ಇದ್ದರೆ ಕಾಲೇಜು ಪ್ರಾಜೆಕ್ಟ್ ಕೂಡ ಸಾಕ್ಷಿಯೇ. ಇಲ್ಲದಿದ್ದರೆ ಚಿನ್ನದ ಅಕ್ಷರದ ಬೈಂಡಿಂಗ್ ಹಾಕಿದ ರಿಪೋರ್ಟ್ ಕೂಡ ಬರೀ ಕಾಗದ.

ಕೋರ್ಸ್ ಮುಗಿದ ಮೇಲೂ ಈ ಉತ್ತರಗಳನ್ನು ಹುಟ್ಟಿಸಬಹುದು. ಎರಡು ಮೂರು ವಾರಾಂತ್ಯ ಸಾಕು. ಹಾಸನದ ಕಡೆಯ ಒಂದು ವಿಟಿಯು ಕಾಲೇಜಿನಲ್ಲಿ ಇಸಿ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ನಾಲ್ಕು ಜನರ ಬ್ಯಾಚು, ಇದೇ ನೀರಾವರಿ ಪ್ರಾಜೆಕ್ಟು, ಪೀಣ್ಯದ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಜೋಡಣೆ ಘಟಕದಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್. ಅವಳ ಲೆಕ್ಕದಲ್ಲೇ ಮುಂದೆ ಹೋಗೋಣ. ಕೆಳಗೆ ಬರುವ ಅಳತೆಗಳು ಈ ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಸೆನ್ಸರ್ ಬೇರೆ ಸಂಖ್ಯೆ ಕೊಡುತ್ತದೆ.

## ಹೆಜ್ಜೆ 1: "ನಾವು" ಅನ್ನುವುದನ್ನು ಬಿಡಿಸಿ

ಪ್ರಾಜೆಕ್ಟ್ ರಿಪೋರ್ಟ್ ತುಂಬ "ನಾವು" ಇರುತ್ತದೆ. ನಾಲ್ಕು ಜನರ ರೆಸ್ಯೂಮೆಯಲ್ಲೂ ಅದೇ ನಾಲ್ಕು ಸಾಲು, ಅಕ್ಷರವೂ ಬದಲಾಗದೆ. ಒಂದೇ ಕಾಲೇಜಿನ ಇಬ್ಬರು ಒಂದೇ ದಿನ ಸಂದರ್ಶನಕ್ಕೆ ಬಂದರೆ ಇದು ಕೂಡಲೇ ಗೊತ್ತಾಗುತ್ತದೆ. ಆಗ ಇಬ್ಬರ ಮೇಲೂ ಅನುಮಾನ.

ನಿಮ್ಮ ಪಾಲು ಯಾವುದು ಅಂತ ನೆನಪಿನಿಂದ ಬರೆಯಬೇಡಿ. ನೆನಪು ನಮ್ಮ ಪರವಾಗಿಯೇ ಮಾತಾಡುತ್ತದೆ. ಬ್ಯಾಚಿನ ವಾಟ್ಸಾಪ್ ಗ್ರೂಪನ್ನು ಮೊದಲಿನಿಂದ ಓದಿ. ಕೋಡ್ ಫೈಲುಗಳು ಯಾರು ಯಾರಿಗೆ ಯಾವಾಗ ಕಳಿಸಿದ್ದು ಅಂತ ನೋಡಿ. ಎಸ್‌ಪಿ ರೋಡಿನಲ್ಲಿ ಸಾಮಾನು ತಂದ ಬಿಲ್ಲು, ರಿವ್ಯೂ ದಿನದ ಫೋಟೋ, ಗೈಡ್‌ಗೆ ಕಳಿಸಿದ ಮೇಲ್, ಎಲ್ಲ ತೆಗೆಯಿರಿ. ಗಂಟೆಯೊಳಗೆ ಚಿತ್ರ ಸ್ಪಷ್ಟವಾಗುತ್ತದೆ.

ನಮ್ಮ ಹುಡುಗಿಯ ವಿಷಯದಲ್ಲಿ ಹೀಗೆ ಬಂತು ಎನ್ನೋಣ: ಮೊಬೈಲ್ ಆ್ಯಪ್ ಒಬ್ಬ ಮಾಡಿದ್ದು. ವೈಫೈ ಮೂಲಕ ಡೇಟಾ ಕಳಿಸುವ ಭಾಗ ಇನ್ನೊಬ್ಬನದು. ರಿಪೋರ್ಟ್ ಹೆಚ್ಚಾಗಿ ಮೂರನೆಯವಳು ಬರೆದದ್ದು. ಸೆನ್ಸರ್ ಓದಿ ಪಂಪನ್ನು ಆನ್-ಆಫ್ ಮಾಡುವ ಕೋಡ್ ಮತ್ತು ರಿಲೇ ವೈರಿಂಗ್ ಇವಳದು. ಇಷ್ಟೇನಾ ಅಂತ ಅನಿಸಬಹುದು. ಇಷ್ಟೇ ಸಾಕು. ಎಂಬೆಡೆಡ್ ಕೆಲಸಕ್ಕೆ ಬೇಕಾಗಿರುವುದೂ ಇದೇ ಭಾಗ. ಇಡೀ ವ್ಯವಸ್ಥೆ ನನ್ನದು ಅಂದರೆ ಆ್ಯಪ್ ಬಗ್ಗೆ ಬರುವ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ. ಈ ತುಂಡು ಮಾತ್ರ ನನ್ನದು ಅಂದರೆ ಪ್ರಶ್ನೆಗಳೆಲ್ಲ ಅವಳಿಗೆ ಗೊತ್ತಿರುವ ಕಡೆಗೇ ಬರುತ್ತವೆ.

ಹಾಗೇ ಉಳಿದ ಮೂವರಿಗೂ ಒಂದು ಮೆಸೇಜ್ ಹಾಕಿ: "ನಾನು ಸೆನ್ಸರ್ ಮತ್ತು ಪಂಪ್ ಕಂಟ್ರೋಲ್ ಭಾಗ ನನ್ನದು ಅಂತ ಬರೀತಿದ್ದೀನಿ, ನಿಮ್ಮ ಹೆಸರು, ಕೆಲಸ ಕೂಡ ಹಾಕ್ತೀನಿ, ಪರವಾಗಿಲ್ಲ ತಾನೆ?" ಇದು ಬರೀ ಸೌಜನ್ಯವಲ್ಲ. ನಾಳೆ ಅವರೂ ಅದೇ ಮಾತು ಹೇಳುತ್ತಾರೆ ಅನ್ನುವ ಖಾತ್ರಿ.

ಪ್ರಾಜೆಕ್ಟನ್ನು ಪ್ರಾಜೆಕ್ಟ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ತಂದಿದ್ದರೆ? ಎಷ್ಟೋ ಜನ ತರುತ್ತಾರೆ, ಸಂದರ್ಶನ ಮಾಡುವವರಿಗೂ ಗೊತ್ತು. ಆಗ ಅದನ್ನು ನಿಮ್ಮದು ಅಂತ ಹೇಳುವ ದಾರಿ ಮುಚ್ಚಿದೆ. ಆದರೆ ಕಿಟ್ ಕೈಯಲ್ಲಿದೆ ಅಲ್ವಾ? ಅದರಲ್ಲಿ ಒಂದೇ ಒಂದು ಭಾಗ ಆರಿಸಿ. ಆ ಕೋಡ್ ಅಳಿಸಿ, ಖಾಲಿ ಫೈಲಿನಿಂದ ನೀವೇ ಬರೆಯಿರಿ. ಮುಂದಿನ ಹೆಜ್ಜೆಯ ಅಳತೆಯನ್ನು ನೀವೇ ಮಾಡಿ. ರೆಸ್ಯೂಮೆಯಲ್ಲಿ ಆ ಭಾಗ ಮಾತ್ರ ಇರಲಿ.

## ಹೆಜ್ಜೆ 2: ಒಂದು ಮಾತು ಆರಿಸಿ, ಅದನ್ನು ಅಳೆದು ತೋರಿಸಿ

ಇಲ್ಲೇ ಜಾಸ್ತಿ ಸಮಯ ಹಾಕಬೇಕು.

ಮೊದಲು "ಶೇ. 40 ನೀರು ಉಳಿತಾಯ" ಅನ್ನುವ ಸಾಲನ್ನು ಹೊಡೆದು ಹಾಕಿ. ಆ ಮಾತು ಹೇಳಬೇಕಾದರೆ ಒಂದೇ ಅಳತೆಯ, ಒಂದೇ ಮಣ್ಣಿನ, ಒಂದೇ ಬೆಳೆಯ ಎರಡು ಪಾತಿ ಬೇಕು. ಒಂದಕ್ಕೆ ಕೈಯಿಂದ ನೀರು, ಇನ್ನೊಂದಕ್ಕೆ ಸೆನ್ಸರ್ ನೋಡಿ ನೀರು, ಎರಡಕ್ಕೂ ಲೀಟರ್ ಲೆಕ್ಕ, ಅದೂ ಒಂದೇ ದಿನಗಳಲ್ಲಿ. ಹಾಗೆ ಮಾಡಿಲ್ಲದಿದ್ದರೆ ಆ ಸಂಖ್ಯೆ ಎಲ್ಲಿಂದ ಬಂತು? ಹಳೆಯ ಯಾವುದೋ ರಿಪೋರ್ಟಿನಿಂದ ಇಳಿದು ಬಂದಿರುತ್ತದೆ. "ಯಾವುದಕ್ಕೆ ಹೋಲಿಸಿದರೆ 40?" ಅಂತ ಒಂದು ಪ್ರಶ್ನೆ ಕೇಳಿದರೆ ಮುಗಿಯಿತು.

ಅದರ ಬದಲು ನಿಮ್ಮ ಕೈಯಲ್ಲಿರುವ ಭಾಗದ ಬಗ್ಗೆ ಸಣ್ಣ, ಆದರೆ ಪರೀಕ್ಷಿಸಬಹುದಾದ ಮಾತು ಹುಡುಕಿ. ನಮ್ಮ ಹುಡುಗಿ ಎರಡು ಪ್ರಶ್ನೆ ಹಿಡಿದಳು. ಸೆನ್ಸರ್ 450 ಅಂದಾಗ ಮಣ್ಣಿನಲ್ಲಿ ನಿಜಕ್ಕೂ ಎಷ್ಟು ನೀರಿದೆ? ಡೆಮೊ ದಿನ ರಿಲೇ ಟಿಕ್ ಟಿಕ್ ಅಂತ ಹೊಡೆದುಕೊಂಡಿದ್ದು ಯಾಕೆ?

ಮೊದಲ ಪ್ರಶ್ನೆ. ಆರ್ಡುಯಿನೊ ಯುನೊ ಸೆನ್ಸರ್‌ನಿಂದ ಬರುವ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಸಂಖ್ಯೆ ಮಾಡಿ ಕೊಡುತ್ತದೆ, ಅಷ್ಟೆ. ಅದು ತೇವದ ಶೇಕಡಾ ಅಲ್ಲ. ಸಾಮಾನ್ಯವಾಗಿ ಸಿಗುವ ಕೆಪ್ಯಾಸಿಟಿವ್ ಸೆನ್ಸರ್‌ನಲ್ಲಂತೂ ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತದೆ. ತುಂಬ ರಿಪೋರ್ಟುಗಳಲ್ಲಿ ಈ ಸಂಖ್ಯೆಯನ್ನು 1023ರಿಂದ ಭಾಗಿಸಿ ನೂರರಿಂದ ಗುಣಿಸಿ "ತೇವಾಂಶ ಶೇ. 44" ಅಂತ ಬರೆದಿರುತ್ತಾರೆ. ಅದಕ್ಕೆ ಅರ್ಥವಿಲ್ಲ.

ನಿಜವಾದ ತೇವ ಗೊತ್ತಾಗಬೇಕಾದರೆ ನಿಮ್ಮದೇ ಕಾಲೇಜಿನ ಸಿವಿಲ್ ಡಿಪಾರ್ಟ್‌ಮೆಂಟಿಗೆ ಹೋಗಿ. ಅಲ್ಲಿನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಒವೆನ್, ತೂಕದ ಯಂತ್ರ, ಪುಟ್ಟ ಅಲ್ಯೂಮಿನಿಯಂ ಡಬ್ಬಿಗಳು ಇರುತ್ತವೆ. ಇಸಿಯವರು ಅತ್ತ ಕಾಲಿಡುವುದೇ ಅಪರೂಪ. ಲ್ಯಾಬ್ ಅಸಿಸ್ಟೆಂಟ್ ಹತ್ತಿರ ವಿನಯವಾಗಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಐಎಸ್ 2720 ಎರಡನೇ ಭಾಗದಲ್ಲಿರುವ ಒವೆನ್ ವಿಧಾನ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣನ್ನು ಸುಮಾರು ಒಂದು ದಿನ ಒಣಗಿಸಿ, ಹೋದ ನೀರನ್ನು ತೂಕದಿಂದ ಲೆಕ್ಕ ಹಾಕುವ ವಿಧಾನ ಅದು.

ಕೆಲಸ ಹೀಗೆ. ಪ್ರಾಜೆಕ್ಟಿನಲ್ಲಿ ಬಳಸಿದ ಅದೇ ಮಣ್ಣನ್ನು ಐದಾರು ಕೆಜಿ ತನ್ನಿ, ಕಲ್ಲು ಬೇರು ತೆಗೆದು ಪೂರ್ತಿ ಒಣಗಿಸಿ. ಐದು ಪಾತ್ರೆಗೆ ಒಂದೇ ತೂಕದ ಮಣ್ಣು ಹಾಕಿ. ಮಣ್ಣಿನ ತೂಕದ ಶೇ. 5, 10, 15, 20, 25ರಷ್ಟು ನೀರನ್ನು ಒಂದೊಂದಕ್ಕೂ ಕಲಸಿ. ಮುಚ್ಚಿ ರಾತ್ರಿಯಿಡೀ ಬಿಡಿ, ನೀರು ಎಲ್ಲ ಕಡೆ ಸಮನಾಗಿ ಹರಡಬೇಕು. ಮರುದಿನ ಎಲ್ಲ ಪಾತ್ರೆಗಳಲ್ಲೂ ಮಣ್ಣನ್ನು ಒಂದೇ ಬಿಗಿಯಲ್ಲಿ ಒತ್ತಿ, ಸೆನ್ಸರನ್ನು ಒಂದೇ ಆಳಕ್ಕೆ ಇಳಿಸಿ, ಪ್ರತಿ ಪಾತ್ರೆಯಲ್ಲೂ ಹತ್ತು ಸಲ ಓದಿ ಸರಾಸರಿ ತೆಗೆಯಿರಿ. ಒತ್ತುವುದರಲ್ಲಿ ವ್ಯತ್ಯಾಸವಾದರೆ ಮಣ್ಣಿನ ನಡುವೆ ಗಾಳಿ ಸೇರುತ್ತದೆ, ಸಂಖ್ಯೆ ಹಾರುತ್ತದೆ. ಒಂದೇ ಪಾತ್ರೆಯಲ್ಲಿ ಸೆನ್ಸರ್ ತೆಗೆದು ಮತ್ತೆ ಚುಚ್ಚಿದಾಗ 30–40ರಷ್ಟು ವ್ಯತ್ಯಾಸ ಬಂದರೆ ಗಾಳಿ ಇದೆ ಅಂತಲೇ ತಿಳಿಯಿರಿ.

ಆಮೇಲೆ ಒಂದೊಂದು ಪಾತ್ರೆಯಿಂದ ಒಂದು ಡಬ್ಬಿ ಮಣ್ಣು ತೆಗೆದು ಒವೆನ್‌ಗೆ ಇಡಿ. ಶೇ. 20 ಅಂದುಕೊಂಡ ಪಾತ್ರೆಯ ಲೆಕ್ಕ ನೋಡಿ. ಖಾಲಿ ಡಬ್ಬಿ 24 ಗ್ರಾಂ. ಒದ್ದೆ ಮಣ್ಣು ಸೇರಿ 86 ಗ್ರಾಂ. ಒಣಗಿದ ಮೇಲೆ 76 ಗ್ರಾಂ. ಹೋದ ನೀರು 10 ಗ್ರಾಂ, ಒಣಮಣ್ಣು 52 ಗ್ರಾಂ. ಅಂದರೆ ತೇವ ಶೇ. 19.2. ಶೇ. 20 ಕಲಸಿದ್ದು 19.2 ಆಗಿದೆ, ರಾತ್ರಿ ಸ್ವಲ್ಪ ಆವಿಯಾಗಿದೆ. ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ, ಹಾಗೇ ಬರೆಯಿರಿ. ಎಲ್ಲವೂ ಸರಿಯಾಗಿ 20.0, 15.0 ಅಂತ ಬಂದ ಪಟ್ಟಿ ನೋಡಿದರೆ ಯಾರೂ ನಂಬುವುದಿಲ್ಲ.

ಕೊನೆಗೆ ಸಿಕ್ಕ ಪಟ್ಟಿ ಇದು, ತೇವವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದು:

| ತೇವ (ಶೇ.) | ಸೆನ್ಸರ್ ಓದು |
|---|---|
| 5 | 545 |
| 10 | 500 |
| 15 | 455 |
| 19 | 415 |
| 24 | 385 |

ಈಗ 450 ಅಂದರೆ ಸುಮಾರು ಶೇ. 15–16 ಅಂತ ಹೇಳಬಹುದು, ಯಾಕೆ ಅಂತಲೂ ತೋರಿಸಬಹುದು. ಮಿತಿಯೂ ಗೊತ್ತಾಗಿದೆ: ಈ ಪಟ್ಟಿ ಈ ಕೆಂಪು ಮಣ್ಣಿಗೆ, ಈ ಒಂದು ಸೆನ್ಸರ್‌ಗೆ ಮಾತ್ರ. ಎರೆ ಮಣ್ಣಿಗೆ ಹೋದರೆ ಮತ್ತೆ ಮಾಡಬೇಕು.

ಎರಡನೇ ಪ್ರಶ್ನೆ. ಹಳೆ ಕೋಡಿನಲ್ಲಿ ಒಂದೇ ಗಡಿ ಇತ್ತು: 450 ದಾಟಿದರೆ ಪಂಪ್ ಆನ್, ಇಳಿದರೆ ಆಫ್. ಆದರೆ ಸೆನ್ಸರ್ ಓದು ಒಂದೇ ಕಡೆ ನಿಲ್ಲುವುದಿಲ್ಲ. 446, 453, 449, 455 ಅಂತ ಅಲ್ಲಾಡುತ್ತಲೇ ಇರುತ್ತದೆ. ಪ್ರತಿ ಸಲ ಗಡಿ ದಾಟಿದಾಗಲೂ ರಿಲೇ ಹೊಡೆಯುತ್ತದೆ. ಹೀಗೇ ಬಿಟ್ಟರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ, ಪಂಪಿಗೂ ಒಳ್ಳೆಯದಲ್ಲ. ಪರಿಹಾರ ಹಳೆಯದೇ: ಒಂದು ಗಡಿಯ ಬದಲು ಎರಡು.

```cpp
const int DRY_ON  = 480;
const int WET_OFF = 420;

int v = analogRead(A0);
if (v > DRY_ON)  pump = true;
if (v < WET_OFF) pump = false;
digitalWrite(RELAY, pump ? LOW : HIGH);
```

480 ದಾಟಿ ಮಣ್ಣು ಒಣಗಿದಾಗ ಪಂಪ್ ಶುರು, 420ಕ್ಕಿಂತ ಕೆಳಗೆ ಬಂದಾಗ ನಿಲ್ಲುತ್ತದೆ. ನಡುವೆ ಇದ್ದರೆ ಮೊದಲಿನ ಸ್ಥಿತಿಯೇ ಮುಂದುವರಿಯುತ್ತದೆ. ಮೇಲಿನ ಪಟ್ಟಿಯ ಪ್ರಕಾರ ಇವು ಸುಮಾರು ಶೇ. 12 ಮತ್ತು ಶೇ. 18.5ರ ತೇವ. ಕೊನೆಯ ಸಾಲಿನಲ್ಲಿ ಆನ್ ಮಾಡಲು `LOW` ಯಾಕೆ ಅಂತ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ತುಂಬ ರಿಲೇ ಮಾಡ್ಯೂಲುಗಳು ಇನ್‌ಪುಟ್ ಪಿನ್ ಕೆಳಗಿಳಿದಾಗ ಆನ್ ಆಗುವಂಥವು. ನಿಮ್ಮದು ಯಾವುದು ಅಂತ ನೋಡಿಕೊಂಡಿರಿ.

ಕೋಡ್ ತಿದ್ದಿದರೆ ಸಾಲದು, ಬದಲಾವಣೆಯನ್ನು ಎಣಿಸಬೇಕು. `pump` ಬದಲಾದಾಗಲೆಲ್ಲ ಒಂದು ಕೌಂಟರ್ ಏರಿಸಿ. ಅದೇ ಕುಂಡ, ಅದೇ ಸೆನ್ಸರ್, ಗಡಿಯ ಹತ್ತಿರದ ತೇವ. ಹಳೆ ಕೋಡ್ ಒಂದು ಗಂಟೆ, ಹೊಸ ಕೋಡ್ ಒಂದು ಗಂಟೆ. ನಮ್ಮ ಉದಾಹರಣೆಯಲ್ಲಿ ಹಳೆಯದಕ್ಕೆ 64 ಸಲ, ಹೊಸದಕ್ಕೆ 2 ಸಲ.

ನೀರಿನ ಬಗ್ಗೆಯೂ ಏನಾದರೂ ಹೇಳಲೇಬೇಕು ಅಂದರೆ ಇಷ್ಟು ಮಾಡಬಹುದು. ಪಂಪಿನ ಪೈಪಿಗೆ ಒಂದು ಲೀಟರ್ ಬಾಟಲಿ ಹಿಡಿದು ಸಮಯ ನೋಡಿ. 35 ಸೆಕೆಂಡಿಗೆ ತುಂಬಿತು ಎನ್ನೋಣ. ಆರು ದಿನದಲ್ಲಿ ಪಂಪ್ ಒಟ್ಟು 22 ನಿಮಿಷ ಓಡಿದ್ದರೆ ಸುಮಾರು 38 ಲೀಟರ್ ಆಯಿತು. "ಆರು ದಿನಕ್ಕೆ 38 ಲೀಟರ್ ಕೊಟ್ಟಿದೆ" ಅನ್ನಬಹುದು. "ಇಷ್ಟು ಉಳಿಸಿದೆ" ಅನ್ನುವ ಹಾಗಿಲ್ಲ.

## ಹೆಜ್ಜೆ 3: ಬೇರೆಯವರು ತೆರೆದು ನೋಡುವ ಹಾಗೆ ಇಡಿ

ರೆಸ್ಯೂಮೆ ನೋಡುವವರು ಲಿಂಕ್ ಒತ್ತಿದರೆ ಅವರ ಗಮನ ಒಂದು ನಿಮಿಷ ಸಿಗಬಹುದು. 80 ಪುಟದ ರಿಪೋರ್ಟ್ ಪಿಡಿಎಫ್ ಯಾರೂ ಓದುವುದಿಲ್ಲ. ಗಿಟ್‌ಹಬ್‌ನಲ್ಲಿ ಒಂದು ಫೋಲ್ಡರ್ ಸಾಕು. ಅದರಲ್ಲಿ ಕೋಡ್, `readings.csv` ಹೆಸರಿನಲ್ಲಿ ಅಳತೆಗಳು, ವೈರಿಂಗ್ ಚಿತ್ರ, ಎರಡು ಮೂರು ಫೋಟೋ, ಮತ್ತು `README.md`.

ಆ `README.md` ಮೊದಲ ಪರದೆಯಲ್ಲೇ ಎಲ್ಲ ಹೇಳಿಬಿಡಬೇಕು. ಇದು ಏನು ಅಂತ ಎರಡು ಸಾಲು. ನನ್ನ ಭಾಗ ಯಾವುದು, ಉಳಿದವರ ಭಾಗ ಯಾವುದು ಅಂತ ಎರಡು ಸಾಲು. ಮೇಲಿನ ಪಟ್ಟಿ. ರಿಲೇ ಎಣಿಕೆ. ಆಮೇಲೆ "ಏನು ಪರೀಕ್ಷಿಸಿಲ್ಲ" ಅನ್ನುವ ಒಂದು ತಲೆಬರಹದ ಕೆಳಗೆ ಮಿತಿಗಳು: ಒಂದೇ ಬಗೆಯ ಮಣ್ಣು, ಒಂದೇ ಸೆನ್ಸರ್, ಕುಂಡದಲ್ಲಿ ಮಾತ್ರ, ಹೊಲದಲ್ಲಿ ಅಲ್ಲ. ನನ್ನ ಅನುಭವದಲ್ಲಿ ಈ ಕೊನೆಯ ಭಾಗ ಓದಿಯೇ ಎದುರಿನವರು ಸ್ವಲ್ಪ ಮುಂದಕ್ಕೆ ಬಗ್ಗಿ ಕೂರುವುದು.

ಕೋಡ್ ಎಲ್ಲವನ್ನೂ ಒಂದೇ ದಿನ ಹಾಕಿದರೆ ಅನುಮಾನ ಬರುತ್ತದಾ ಅಂತ ಕೆಲವರು ಹಳೆಯ ತಾರೀಖು ಹಾಕಿ ಕಮಿಟ್ ಮಾಡುತ್ತಾರೆ. ಬೇಡ. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ, ಗೊತ್ತಾದರೆ ಉಳಿದ ನಿಜವೂ ಸುಳ್ಳಾಗಿ ಕಾಣುತ್ತದೆ. ಮೊದಲ ಕಮಿಟ್‌ಗೆ "ಫೈನಲ್ ಇಯರ್ ಕೋಡ್, ಡೆಮೊದಲ್ಲಿ ಇದ್ದ ಹಾಗೆ" ಅಂತ ಬರೆಯಿರಿ. ಎರಡು ಗಡಿಯ ಬದಲಾವಣೆ ಬೇರೆ ಕಮಿಟ್. ಅಳತೆಗಳು ಮತ್ತೊಂದು. ಕೋರ್ಸ್ ಮುಗಿದ ಮೇಲೆ ಮತ್ತೆ ಕೂತು ಕೆಲಸ ಮಾಡಿದ್ದೀರಿ ಅನ್ನುವುದು ಆಗ ತಾನಾಗಿಯೇ ಕಾಣುತ್ತದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಕೋಡಿನೊಳಗೆ ಮನೆಯ ವೈಫೈ ಪಾಸ್‌ವರ್ಡ್ ಉಳಿದಿದ್ದರೆ ಹಾಕುವ ಮೊದಲೇ ತೆಗೆಯಿರಿ. ಒಮ್ಮೆ ಹಾಕಿ ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ.

ವಿಡಿಯೋ ಮಾಡುವುದಾದರೆ ಒಂದು ನಿಮಿಷ ಸಾಕು. ಹಿನ್ನೆಲೆ ಸಂಗೀತ ಬೇಡ, ರಿಲೇ ಶಬ್ದ ಕೇಳಿಸಲಿ.

## ಹೆಜ್ಜೆ 4: ಇಂಟರ್ನ್‌ಶಿಪ್‌ನಿಂದ ಏನು ಹೊರತೆಗೆಯಬಹುದು

ಮೊದಲು ಒಂದು ವಿಂಗಡಣೆ. ಫೀಸ್ ಕಟ್ಟಿ, ಕ್ಲಾಸ್ ಕೇಳಿ, ಕೊನೆಗೆ ಸರ್ಟಿಫಿಕೇಟ್ ತಂದಿದ್ದರೆ ಅದು ಟ್ರೈನಿಂಗ್. "ಟ್ರೈನಿಂಗ್" ಅನ್ನುವ ತಲೆಬರಹದ ಕೆಳಗೆ ಒಂದು ಸಾಲು ಬರೆದು ಮುಂದೆ ಹೋಗಿ. ಅದನ್ನು ಅನುಭವ ಅಂತ ಹಾಕಿದರೆ "ದಿನಾ ಏನು ಮಾಡ್ತಿದ್ರಿ?" ಅನ್ನುವ ಪ್ರಶ್ನೆಯಲ್ಲಿ ಬಣ್ಣ ಬಯಲಾಗುತ್ತದೆ.

ನಿಜವಾಗಿ ಒಂದು ಘಟಕದಲ್ಲಿ ಕೂತು ಕೆಲಸ ನೋಡಿದ್ದರೆ, ಎಷ್ಟೇ ಸಣ್ಣದಿರಲಿ, ಅದರಲ್ಲಿ ಸಾಕ್ಷಿ ಇರುತ್ತದೆ. ನಮ್ಮ ಹುಡುಗಿಯನ್ನು ಪೀಣ್ಯದಲ್ಲಿ ಟೆಸ್ಟಿಂಗ್ ಟೇಬಲ್ ಮೇಲೆ ಕೂರಿಸಿದ್ದರು. ಪವರ್ ಸಪ್ಲೈ ಬೋರ್ಡುಗಳಿಗೆ ಕರೆಂಟ್ ಕೊಟ್ಟು, ಮಲ್ಟಿಮೀಟರ್‌ನಲ್ಲಿ ಔಟ್‌ಪುಟ್ ನೋಡಿ, ಪಾಸ್ ಅಥವಾ ಫೇಲ್ ಬರೆಯುವುದು. ಅವಳಿಗೆ ಅದು ಸುಮ್ನೆ ಟೈಂಪಾಸ್ ಅನಿಸಿತ್ತು. ರೆಸ್ಯೂಮೆಯಲ್ಲಿ "ಪಿಸಿಬಿ ಅಸೆಂಬ್ಲಿ ಬಗ್ಗೆ ಅರಿವು ಪಡೆದೆ" ಅಂತ ಬರೆದಿದ್ದಳು.

ಆದರೆ ಇಂಟರ್ನ್‌ಶಿಪ್ ಡೈರಿ ತೆಗೆದು ನೋಡಿದರೆ ಬೇರೆ ಕಥೆ. ಎರಡು ವಾರದಲ್ಲಿ 180 ಬೋರ್ಡ್ ನೋಡಿದ್ದಾಳೆ. 14 ಫೇಲ್. ಯಾಕೆ ಫೇಲ್ ಅಂತ ಪಕ್ಕದಲ್ಲಿ ಗೀಚಿದ್ದಾಳೆ. ಅದರಲ್ಲಿ 9 ಒಂದೇ ಕನೆಕ್ಟರ್ ಹತ್ತಿರ ಡ್ರೈ ಸೋಲ್ಡರ್. ಅದನ್ನು ಸೂಪರ್‌ವೈಸರ್‌ಗೆ ತೋರಿಸಿದ್ದಾಳೆ, ಅವರು ಸೋಲ್ಡರಿಂಗ್ ಮಾಡುವವರನ್ನು ಕರೆದು ಮಾತಾಡಿದ್ದಾರೆ. ಫ್ರೆಶರ್ ರೆಸ್ಯೂಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಬೇಕಾ? ನೋಡಿದ್ದನ್ನು ಬರೆದಿಟ್ಟಳು, ಬರೆದದ್ದರಲ್ಲಿ ಒಂದು ಜಾಡು ಕಂಡಳು, ಸಂಬಂಧಪಟ್ಟವರಿಗೆ ಹೇಳಿದಳು.

"ರಿಜೆಕ್ಷನ್ ಕಡಿಮೆ ಮಾಡಿದೆ" ಅಂತ ಮಾತ್ರ ಬರೆಯುವ ಹಾಗಿಲ್ಲ. ಆಮೇಲೆ ಏನಾಯಿತು ಅನ್ನುವ ಅಳತೆ ಅವಳ ಹತ್ತಿರ ಇಲ್ಲ. ಇಂಟರ್ನ್‌ಶಿಪ್ ಮುಗಿದಿತ್ತು.

ಇನ್ನೊಂದು ಎಚ್ಚರಿಕೆ. ಆ ಬೋರ್ಡಿನ ಸರ್ಕ್ಯೂಟ್ ಚಿತ್ರ, ಫೋಟೋ, ಗ್ರಾಹಕರ ಹೆಸರು ನಿಮ್ಮದಲ್ಲ. ಅವನ್ನು ಎಲ್ಲೂ ಹಾಕಬೇಡಿ. ಎಷ್ಟು ಬೋರ್ಡ್, ಎಷ್ಟು ಫೇಲ್ ಅನ್ನುವ ಸಂಖ್ಯೆ ಬಳಸುವುದಕ್ಕೂ ಒಂದು ಮಾತು ಕೇಳಿ. ಕಂಪನಿಯ ಗುಟ್ಟನ್ನು ಸಂದರ್ಶನದಲ್ಲಿ ಹರಡುವವರನ್ನು ಇನ್ನೊಂದು ಕಂಪನಿ ತೆಗೆದುಕೊಳ್ಳುವುದಿಲ್ಲ. ತೋರಿಸಲು ಏನಾದರೂ ಬೇಕು ಅನಿಸಿದರೆ, ನೀವು ಲೆಕ್ಕ ಬರೆಯಲು ಗೆರೆ ಎಳೆದುಕೊಂಡ ಖಾಲಿ ನಮೂನೆಯನ್ನು ಮತ್ತೆ ಟೈಪ್ ಮಾಡಿ ಇಟ್ಟುಕೊಳ್ಳಿ.

ಸರ್ಟಿಫಿಕೇಟ್ ಸಾಮಾನ್ಯವಾಗಿ "ಯಶಸ್ವಿಯಾಗಿ ಪೂರೈಸಿದ್ದಾರೆ, ನಡತೆ ಉತ್ತಮ" ಅಂತ ಮಾತ್ರ ಹೇಳುತ್ತದೆ. ಅದರ ಜೊತೆ ಸೂಪರ್‌ವೈಸರ್ ಕಡೆಯಿಂದ ಎರಡು ಸಾಲಿನ ಮೇಲ್ ಸಿಕ್ಕರೆ ತೂಕವೇ ಬೇರೆ. ಆರು ತಿಂಗಳಾಗಿದ್ದರೂ ಕೇಳಬಹುದು. ಕೇಳುವಾಗ ಅವರ ಕೆಲಸ ಹಗುರ ಮಾಡಿ:

"ನಮಸ್ಕಾರ ಸರ್. ಫೆಬ್ರವರಿಯಲ್ಲಿ ನಿಮ್ಮ ಟೆಸ್ಟಿಂಗ್ ಸೆಕ್ಷನ್‌ನಲ್ಲಿ ಇಂಟರ್ನ್ ಆಗಿದ್ದೆ. ಕನೆಕ್ಟರ್ ಹತ್ತಿರ ಡ್ರೈ ಸೋಲ್ಡರ್ ಬರ್ತಿದೆ ಅಂತ ಪಟ್ಟಿ ತೋರಿಸಿದ್ದೆ, ನಿಮಗೆ ನೆನಪಿರಬಹುದು. ಈಗ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀನಿ. ಎರಡು ವಾರ ಬೋರ್ಡ್ ಟೆಸ್ಟ್ ಮಾಡಿದ್ದು, ಫೇಲ್ ಆದವುಗಳ ಕಾರಣ ಬರೆದಿಟ್ಟಿದ್ದು, ಇಷ್ಟನ್ನು ಒಂದು ಮೇಲ್‌ನಲ್ಲಿ ತಿಳಿಸಿದರೆ ತುಂಬ ಉಪಕಾರವಾಗುತ್ತೆ ಸರ್. 180 ಬೋರ್ಡಲ್ಲಿ 14 ಫೇಲ್ ಅನ್ನೋ ಸಂಖ್ಯೆ ರೆಸ್ಯೂಮೆಯಲ್ಲಿ ಬರೆಯಬಹುದಾ ಅಂತಲೂ ಹೇಳಿ. ಕಂಪನಿ ಅಥವಾ ಗ್ರಾಹಕರ ವಿವರ ಏನೂ ಹಾಕಲ್ಲ."

ಸಂಖ್ಯೆ ಬೇಡ ಅಂದರೆ ಬೇಡ. "ಫೇಲ್ ಆದ ಬೋರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದೇ ಕಾರಣ" ಅಂತ ಬರೆದರೂ ಸಾಕ್ಷಿ ಕಳೆದುಹೋಗುವುದಿಲ್ಲ. ಆದರೆ ಆ ಮಾತಿಗೂ ಅವರ ಒಪ್ಪಿಗೆ ಇರಲಿ.

ನಾಲ್ಕು ವಾರವನ್ನು ಆರು ತಿಂಗಳು ಮಾಡುವುದು, ಕನ್ಸಲ್ಟೆನ್ಸಿಯಿಂದ ನಕಲಿ ಎಕ್ಸ್‌ಪೀರಿಯೆನ್ಸ್ ಲೆಟರ್ ತರುವುದು, ಬೆಂಗಳೂರಿನಲ್ಲಿ ಇದರ ಆಮಿಷ ಒಡ್ಡುವವರು ಇದ್ದೇ ಇದ್ದಾರೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಪಿಎಫ್ ದಾಖಲೆ, ಸಂಬಳದ ಬ್ಯಾಂಕ್ ಎಂಟ್ರಿ ಕೇಳುತ್ತಾರೆ. ಪೂರ್ಣಾವಧಿ ಕೆಲಸ ಅಂತ ಬರೆದು ಅಲ್ಲಿ ಏನೂ ಇಲ್ಲದಿದ್ದರೆ, ಸೇರಿದ ಮೇಲೂ ಕೆಲಸದಿಂದ ತೆಗೆಯಬಹುದು.

## ಹೆಜ್ಜೆ 5: ರೆಸ್ಯೂಮೆ ಸಾಲುಗಳು

ಇದು ಈಗ ಸುಲಭ, ಯಾಕೆಂದರೆ ಬರೆಯಲು ವಿಷಯ ಇದೆ. ಮೊದಲಿದ್ದದ್ದು:

"ಐಒಟಿ ಮತ್ತು ಆರ್ಡುಯಿನೊ ಬಳಸಿ ಸ್ಮಾರ್ಟ್ ನೀರಾವರಿ ವ್ಯವಸ್ಥೆ ಅಭಿವೃದ್ಧಿಪಡಿಸಿದ್ದು, ಶೇ. 40 ನೀರು ಉಳಿತಾಯ."

ಈಗ:

"ನಾಲ್ವರ ತಂಡದ ನೀರಾವರಿ ಪ್ರಾಜೆಕ್ಟಿನಲ್ಲಿ ಸೆನ್ಸರ್ ಓದು ಮತ್ತು ಪಂಪ್ ನಿಯಂತ್ರಣದ ಕೋಡ್ ನನ್ನದು. ಒವೆನ್‌ನಲ್ಲಿ ಒಣಗಿಸಿದ ಮಣ್ಣಿನ ತೂಕದ ಜೊತೆ ಹೋಲಿಸಿ ಸೆನ್ಸರ್ ಕ್ಯಾಲಿಬ್ರೇಟ್ ಮಾಡಿದೆ (ಒಂದು ಮಣ್ಣು, ಐದು ಹಂತ). ಒಂದು ಗಡಿಯ ಬದಲು ಎರಡು ಗಡಿ ಇಟ್ಟು ಗಂಟೆಗೆ ರಿಲೇ ಬದಲಾವಣೆಯನ್ನು 64ರಿಂದ 2ಕ್ಕೆ ಇಳಿಸಿದೆ."

ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ ಅನ್ನುವುದು ಗೊತ್ತು. ಆದರೆ ಮೊದಲು ಹೀಗೆ ಕನ್ನಡದಲ್ಲಿ ಬರೆದು ನೋಡಿ. ಕನ್ನಡದಲ್ಲಿ ಬರೆದಾಗ "ಲೆವರೇಜ್ಡ್", "ಸ್ಪಿಯರ್‌ಹೆಡೆಡ್" ಥರದ ಪದಗಳಿಗೆ ಜಾಗವೇ ಇರುವುದಿಲ್ಲ. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ: ಇದನ್ನು ಯಾವ ಫೈಲ್, ಯಾವ ಡೈರಿ ಪುಟ, ಯಾವ ಮೇಲ್ ತೋರಿಸಿ ಸಾಬೀತು ಮಾಡುತ್ತೇನೆ? ಗುರುತು ಹಾಕಲಾಗದ ಸಾಲು ತೆಗೆದುಬಿಡಿ. ರೆಸ್ಯೂಮೆ ಒಂದೇ ಪುಟಕ್ಕೆ ಇಳಿದರೆ ಚಿಂತೆ ಬೇಡ.

## ಹೆಜ್ಜೆ 6: ಎದುರಿಗೆ ಕೂತಾಗ

"ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದ ಕೂಡಲೇ ಹೆಚ್ಚಿನವರು "ಭಾರತ ಕೃಷಿ ಪ್ರಧಾನ ದೇಶ" ಅಂತ ಶುರು ಮಾಡುತ್ತಾರೆ. ರಿಪೋರ್ಟಿನ ಮೊದಲ ಅಧ್ಯಾಯ ಹಾಗಿತ್ತಲ್ಲ, ಅದಕ್ಕೆ. ಅದನ್ನು ಬಿಟ್ಟು ತೊಂದರೆಯಿಂದ ಶುರು ಮಾಡಿ: "ಡೆಮೊ ದಿನ ರಿಲೇ ನಿಲ್ಲದೆ ಹೊಡೆದುಕೊಳ್ಳುತ್ತಿತ್ತು." ಆಮೇಲೆ ಯಾಕೆ, ಏನು ಮಾಡಿದೆ, ಹೇಗೆ ಎಣಿಸಿದೆ. ಎರಡು ನಿಮಿಷದಲ್ಲಿ ನಿಲ್ಲಿಸಿ. ಉಳಿದದ್ದನ್ನು ಅವರೇ ಕೇಳುತ್ತಾರೆ. ಕೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

"480, 420 ಅಂತ ಹೇಗೆ ಆರಿಸಿದ್ರಿ? 450, 449 ಇಟ್ಟಿದ್ರೆ ಆಗ್ತಿರಲಿಲ್ವಾ?"

"ಇಲ್ಲ ಸರ್. ಮಣ್ಣು ಬದಲಾಗದೇ ಇದ್ದರೂ ಓದು ಹತ್ತರಷ್ಟು ಅಲ್ಲಾಡ್ತಿತ್ತು. ಎರಡು ಗಡಿ ನಡುವಿನ ಅಂತರ ಅದಕ್ಕಿಂತ ಚೆನ್ನಾಗಿ ದೊಡ್ಡದಿರಬೇಕು. ತೇವ ಶೇ. 12ಕ್ಕಿಂತ ಕೆಳಗೆ ಇಳಿಯೋದು ಬೇಡ ಅಂತ ಮೇಲಿನ ಗಡಿ ಇಟ್ಟೆ."

"ಸೆನ್ಸರ್ ವೈರ್ ಕಿತ್ತುಹೋದ್ರೆ ಏನಾಗುತ್ತೆ?"

ಇದು ಪ್ರಾಜೆಕ್ಟಿನಲ್ಲಿ ಯೋಚಿಸಿರದ ಪ್ರಶ್ನೆ. ಹೀಗೆ ಒಂದಾದರೂ ಬಂದೇ ಬರುತ್ತದೆ. "ಅದನ್ನು ಪರೀಕ್ಷಿಸಿಲ್ಲ ಸರ್" ಅನ್ನಿ, ಆದರೆ ಅಲ್ಲಿಗೇ ನಿಲ್ಲಬೇಡಿ, ಜೋರಾಗಿ ಯೋಚಿಸಿ: "ವೈರ್ ಹೋದರೆ ಪಿನ್‌ನಲ್ಲಿ ಏನೇನೋ ಓದು ಬರುತ್ತೆ, 480 ದಾಟಿಬಿಟ್ಟರೆ ಪಂಪ್ ಓಡ್ತಾನೇ ಇರುತ್ತೆ. ಹಾಗಾಗಿ ಒಂದು ಗರಿಷ್ಠ ಸಮಯ ಇಡಬೇಕಿತ್ತು. ಹತ್ತು ನಿಮಿಷ ಓಡಿದರೂ ಓದು ಇಳಿಯದಿದ್ದರೆ ಪಂಪ್ ನಿಲ್ಲಿಸಿ ಎಚ್ಚರಿಕೆ ಕೊಡಬೇಕು." ಪ್ರಶ್ನೆ ಕೇಳಿದವರು ಕಾಯುತ್ತಿದ್ದುದು ಈ ಯೋಚನೆಗೇ. ಮನೆಗೆ ಹೋದ ಮೇಲೆ ಆ ಬದಲಾವಣೆ ಮಾಡಿ, ಇನ್ನೊಂದು ಕಮಿಟ್ ಹಾಕಿ, ಮರುದಿನ ಒಂದು ಸಾಲಿನ ಮೇಲ್‌ನಲ್ಲಿ ಲಿಂಕ್ ಕಳಿಸಿ.

ಬೋರ್ಡ್ ಚೀಲದಲ್ಲಿ ಒಯ್ಯುವುದಾದರೆ ಪಂಪು, ನೀರು ಬೇಡ. ಸೆನ್ಸರ್, ಆರ್ಡುಯಿನೊ, ರಿಲೇ, ಒಂದು ಪವರ್ ಬ್ಯಾಂಕ್ ಸಾಕು. ಸೆನ್ಸರನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಬಿಚ್ಚಿದರೆ ರಿಲೇ ಹೊಡೆಯುವುದನ್ನು ಮೇಜಿನ ಮೇಲೇ ತೋರಿಸಬಹುದು. ಹೋಗುವ ಮೊದಲು ಎಲ್ಲ ಜಂಪರ್ ವೈರುಗಳನ್ನು ಬೆಸುಗೆ ಹಾಕಿ ಗಟ್ಟಿ ಮಾಡಿಕೊಳ್ಳಿ, ಬ್ರೆಡ್‌ಬೋರ್ಡ್ ಬಸ್ಸಿನ ಕುಲುಕಾಟ ತಡೆಯುವುದಿಲ್ಲ.

## ಎಲ್ಲಿಗೆ ಕಳಿಸುವುದು

ದೊಡ್ಡ ಐಟಿ ಕಂಪನಿಗಳ ಸಾಮೂಹಿಕ ನೇಮಕಾತಿಯಲ್ಲಿ ಮೊದಲು ಶೇ. 60ರ ಥರದ ಅಂಕದ ಗಡಿ, ಆಮೇಲೆ ಆನ್‌ಲೈನ್ ಪರೀಕ್ಷೆ. ಆ ಎರಡೂ ದಾಟುವವರೆಗೆ ನಿಮ್ಮ ಅಳತೆಯ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಅಲ್ಲಿಗೆ ಆಪ್ಟಿಟ್ಯೂಡ್ ತಯಾರಿ ಬೇರೆಯೇ ನಡೆಯಲಿ.

ಈ ಸಾಕ್ಷಿ ಕೆಲಸಕ್ಕೆ ಬರುವುದು ಇಪ್ಪತ್ತು ಮೂವತ್ತು ಜನರ ಕಂಪನಿಗಳಲ್ಲಿ, ರೆಸ್ಯೂಮೆಯನ್ನು ಇಂಜಿನಿಯರೇ ಓದುವ ಕಡೆಗಳಲ್ಲಿ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಜಾಗಗಳಲ್ಲಿ ಬೋರ್ಡ್ ವಿನ್ಯಾಸ, ಸೆನ್ಸರ್, ಮೀಟರ್ ಕೆಲಸ ಮಾಡುವವರನ್ನು ಹುಡುಕಿ. ಅವರ ಉತ್ಪನ್ನ ಯಾವುದು ಅಂತ ನೋಡಿ, ಎಚ್‌ಆರ್ ವಿಳಾಸದ ಜೊತೆ ತಾಂತ್ರಿಕ ಮುಖ್ಯಸ್ಥರಿಗೂ ಮೇಲ್ ಹಾಕಿ. ಮೇಲ್ ನಾಲ್ಕು ಸಾಲು ಮೀರಬಾರದು. ಮೊದಲ ಸಾಲಿನಲ್ಲಿ ಯಾವ ಕೆಲಸಕ್ಕೆ ಅಂತ, ಎರಡನೆಯದರಲ್ಲಿ ರಿಲೇ 64ರಿಂದ 2ಕ್ಕೆ ಇಳಿದದ್ದು, ಮೂರನೆಯದರಲ್ಲಿ ಪೀಣ್ಯದ ಟೆಸ್ಟಿಂಗ್ ಕೆಲಸ, ನಾಲ್ಕನೆಯದರಲ್ಲಿ ಲಿಂಕ್. ಕಳಿಸುವ ಮೊದಲು ಆ ಲಿಂಕನ್ನು ನಿಮ್ಮ ಲಾಗಿನ್ ಇಲ್ಲದ ಬೇರೆ ಫೋನಿನಲ್ಲಿ ಒತ್ತಿ ನೋಡಿ. ರೆಪೊಸಿಟರಿ ಪ್ರೈವೇಟ್ ಆಗಿಯೇ ಉಳಿದು ಎದುರಿನವರಿಗೆ ಏನೂ ಕಾಣದಿರುವುದು ತುಂಬ ಸಾಮಾನ್ಯ.